ಐದನೆಯ ವಾರದಲ್ಲಿ ನಿಂತ ಆನ್‌ಲೈನ್ ಕೋರ್ಸನ್ನು ಮುಗಿಸುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಜುಲೈ ಕೊನೆಯಲ್ಲಿ ಆರಂಭವಾಗುವ ಹನ್ನೆರಡು ವಾರಗಳ ಕೋರ್ಸಿಗೆ ಕಾಸರಗೋಡಿನವರು ಸೇರಿದರೆ ಐದನೆಯ ವಾರ ಯಾವಾಗ ಬರುತ್ತದೆ ಎಂದು ಪಂಚಾಂಗ ತೆರೆದು ನೋಡಿ. ಆಗಸ್ಟ್ ತಿಂಗಳ ಕೊನೆ. ಶಾಲೆಯಲ್ಲಿರುವವರಿಗೆ ಓಣಂ ಪರೀಕ್ಷೆ, ಉತ್ತರಪತ್ರಿಕೆಗಳ ಕಟ್ಟು. ತೋಟವಿರುವ ಮನೆಯಲ್ಲಿ ಮಳೆ ಬಿಟ್ಟ ದಿನ ಅಡಿಕೆಗೆ ಎರಡನೆಯ ಮದ್ದು ಬಿಡುವ ಗಡಿಬಿಡಿ. ಅದರ ಹಿಂದೆಯೇ ಓಣಂ ರಜೆ, ಚೌತಿ, ನೆಂಟರು. ಜನವರಿಯಲ್ಲಿ ಸೇರಿದವರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಐದನೆಯ ವಾರದ ಹೊತ್ತಿಗೆ ಕೋಲ, ತೆಯ್ಯಂ, ಉತ್ಸವ, ಮದುವೆಗಳು. ಆಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸ. ಮೊದಲ ತಿಂಗಳ ಹುಮ್ಮಸ್ಸು ಇಳಿಯುವುದೂ ಊರಿನ ಕೆಲಸ ಏರುವುದೂ ಒಂದೇ ಹೊತ್ತಿಗೆ ಬರುತ್ತವೆ. ಹಾಗಾಗಿ ನಿಂತುಹೋದವರು ತಮ್ಮ ಸ್ವಭಾವವನ್ನು ದೂರುವ ಮೊದಲು ತಮ್ಮ ಲೆಕ್ಕವನ್ನು ನೋಡಬೇಕು. ಈ ಬರಹ ಆ ಲೆಕ್ಕದ ಕುರಿತು.

ನಮ್ಮ ಕಡೆಯ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು ಹೆಚ್ಚಾಗಿ ಸೇರುವುದು ಕೇಂದ್ರ ಸರಕಾರದ "ಸ್ವಯಂ" ಎಂಬ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಿಗೆ. ಆದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಸೇರಲು ಹಣ ಬೇಡ. ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಬೇರೆಯಾಗಿ ಪರೀಕ್ಷೆಗೆ ನೋಂದಾಯಿಸಿ, ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಪ್ರತಿ ವಾರ ಸುಮಾರು ಎರಡೂವರೆ ಗಂಟೆಯ ಪಾಠ, ಒಂದು ಅಸೈನ್‌ಮೆಂಟ್, ಅದಕ್ಕೊಂದು ಕೊನೆಯ ದಿನ.

ಮೊದಲ ಹೆಜ್ಜೆ: ನಿಂತದ್ದು ಏಕೆ ಎಂದು ಹತ್ತು ನಿಮಿಷದಲ್ಲಿ ತಿಳಿಯಿರಿ

"ಮನಸ್ಸೇ ಬರುವುದಿಲ್ಲ" ಎನ್ನುವ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ. ಯಾವುದೆಂದು ತಿಳಿಯಲು ಒಂದು ಸಣ್ಣ ಪರೀಕ್ಷೆ ಸಾಕು. ಈ ವಾರದ ಮೊದಲ ಪಾಠವನ್ನು ತೆರೆದು ಹತ್ತು ನಿಮಿಷ ನೋಡಿ ನಿಲ್ಲಿಸಿ. ಕೇಳಿದ್ದನ್ನು ಮೂರು ಸಾಲಿನಲ್ಲಿ ನಿಮ್ಮ ಮಾತಿನಲ್ಲಿ, ಕನ್ನಡದಲ್ಲೇ ಬರೆಯಿರಿ.

ಮೂರು ಸಾಲು ಬರೆಯಲು ಬಂದರೆ ನಿಮಗೆ ವಿಷಯ ಕಷ್ಟವಾಗಿಲ್ಲ. ಬಾಕಿ ಬಿದ್ದ ಪಾಠಗಳು ಹೆದರಿಸುತ್ತಿವೆ. ಬರೆಯಲು ಬಾರದೆ ಪ್ರತಿ ವಾಕ್ಯದಲ್ಲೂ ಗೊತ್ತಿಲ್ಲದ ಪದವೋ ಸೂತ್ರವೋ ಎದುರಾದರೆ, ಹಿಂದೆ ಎಲ್ಲೋ ಒಂದು ಕೊಂಡಿ ಕಳಚಿದೆ. ಬರೆಯಲು ಬಂದಿತು, ಆದರೆ "ಇದನ್ನು ತಿಳಿದು ನನಗೇನು" ಎಂಬ ಪ್ರಶ್ನೆಯೇ ದೊಡ್ಡದಾಗಿ ಉಳಿಯಿತು ಎಂದರೆ ಸೇರಿದ ಉದ್ದೇಶವೇ ಮಾಸಿದೆ. ಈ ಮೂರನೆಯವರಿಗೆ ನನ್ನ ಸಲಹೆ ನೇರವಾಗಿದೆ: ಬಡ್ತಿ, ಕ್ರೆಡಿಟ್, ಕೆಲಸ ಇವುಗಳಲ್ಲಿ ಯಾವುದಕ್ಕೂ ಈ ಕೋರ್ಸು ಬೇಡವಾದರೆ ಪರೀಕ್ಷೆಯನ್ನು ಬಿಟ್ಟು, ಇಷ್ಟವಾದ ನಾಲ್ಕು ಪಾಠಗಳನ್ನು ನೋಡಿ ಮುಗಿಸಿ. ಮುಂದಿನ ಮಾತೆಲ್ಲ ಮೊದಲ ಇಬ್ಬರಿಗೆ. ಹೆಚ್ಚಿನವರಲ್ಲಿ ಆ ಎರಡೂ ತೊಂದರೆಗಳು ಬೆರೆತೇ ಇರುತ್ತವೆ.

ಎರಡನೆಯ ಹೆಜ್ಜೆ: ಎಷ್ಟು ಕಳೆದುಕೊಂಡಿದ್ದೀರಿ ಎಂದು ನಿಜವಾಗಿ ಲೆಕ್ಕ ಹಾಕಿ

ಎರಡು ಅಸೈನ್‌ಮೆಂಟ್ ತಪ್ಪಿದ ಕೂಡಲೇ "ಇನ್ನು ಮುಗಿಯಿತು" ಎಂದು ಕೈಬಿಡುವವರು ಅನೇಕರು. ಅಂಕಗಳ ನಿಯಮವನ್ನು ಒಮ್ಮೆ ಓದಿದರೆ ಆ ಭಾವನೆ ಎಷ್ಟು ಸುಳ್ಳೆಂದು ಗೊತ್ತಾಗುತ್ತದೆ.

ಎನ್‌ಪಿಟಿಇಎಲ್‌ನ ಸಾಮಾನ್ಯ ಕೋರ್ಸುಗಳಲ್ಲಿ ಒಟ್ಟು ನೂರು ಅಂಕಗಳಲ್ಲಿ 25 ಅಸೈನ್‌ಮೆಂಟಿಗೆ, 75 ಅಂತಿಮ ಪರೀಕ್ಷೆಗೆ. ಹನ್ನೆರಡು ವಾರಗಳ ಕೋರ್ಸಿನಲ್ಲಿ ಹನ್ನೆರಡೂ ಅಸೈನ್‌ಮೆಂಟುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೆಚ್ಚು ಅಂಕ ಬಂದ ಎಂಟನ್ನು ಮಾತ್ರ. ಎಂಟು ವಾರಗಳ ಕೋರ್ಸಿನಲ್ಲಿ ಆರು, ನಾಲ್ಕು ವಾರಗಳದ್ದರಲ್ಲಿ ಮೂರು. ಪ್ರಮಾಣಪತ್ರ ಸಿಗಲು ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಬರಬೇಕು. ಎರಡರಲ್ಲೂ ಬೇರೆ ಬೇರೆಯಾಗಿ ಬರಬೇಕು ಎಂಬುದನ್ನು ಮರೆಯಬೇಡಿ. ಪ್ರೋಗ್ರಾಮಿಂಗ್ ಪರೀಕ್ಷೆ ಇರುವ ಕೋರ್ಸುಗಳಲ್ಲಿ ಈ ಹಂಚಿಕೆ ಬೇರೆ ಇರುತ್ತದೆ. ನಿಮ್ಮ ಕೋರ್ಸಿನ ಮೊದಲ ಪುಟದಲ್ಲಿ ಅದು ಬರೆದಿರುತ್ತದೆ.

ಈಗ ಒಂದು ಉದಾಹರಣೆ. ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕಿಯೊಬ್ಬರು ಸಂಖ್ಯಾಶಾಸ್ತ್ರದ ಪರಿಚಯ ಕೋರ್ಸಿಗೆ ಸೇರಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲ ನಾಲ್ಕು ವಾರಗಳಲ್ಲಿ ನೂರಕ್ಕೆ 90, 85, 60, 55 ಅಂಕ. ಓಣಂ ಪರೀಕ್ಷೆಯ ಮೌಲ್ಯಮಾಪನ, ರಜೆಯಲ್ಲಿ ಮನೆ ತುಂಬ ಜನ. ಐದು ಮತ್ತು ಆರನೆಯ ವಾರ ಸೊನ್ನೆ. ಈಗ ಏಳನೆಯ ವಾರದ ಪಾಠ ತೆರೆದಿದೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಅವರು "ಇನ್ನು ಮುಂದಿನ ವರ್ಷ ನೋಡುವ" ಎಂದಾಗ, ಮೊದಲೇ ಇಂಥ ಕೋರ್ಸ್ ಮುಗಿಸಿದ ಸಹೋದ್ಯೋಗಿ "ಟೀಚರೇ, ಮೊದಲು ಕೂಡಿಸಿ ನೋಡಿ, ಆಮೇಲೆ ಬಿಡುವಿರಂತೆ" ಎನ್ನುತ್ತಾರೆ.

ಕೂಡಿಸೋಣ. 90, 85, 60, 55 ಸೇರಿದರೆ 290. ಎಂಟು ಅಸೈನ್‌ಮೆಂಟುಗಳ ಸರಾಸರಿ ನೂರಕ್ಕೆ 40 ಬಂದರೆ 25ಕ್ಕೆ 10 ಆಗುತ್ತದೆ. ಅಂದರೆ ಎಂಟರ ಮೊತ್ತ 320 ಆಗಬೇಕು. ಅವರಿಗೆ ಬೇಕಾದದ್ದು ಇನ್ನು 30 ಅಂಕ. ಉಳಿದ ಆರು ವಾರಗಳಲ್ಲಿ ಒಂದೇ ಒಂದು ಅಸೈನ್‌ಮೆಂಟಿನಲ್ಲಿ ನೂರಕ್ಕೆ 30 ಬಂದರೂ ಆ ಅರ್ಹತೆ ದೊರಕಿತು.

ಇನ್ನೂ ಮುಂದಕ್ಕೆ ಹೋಗಿ. ಉಳಿದ ಆರನ್ನೂ ಬರೆದು ಪ್ರತಿಯೊಂದರಲ್ಲಿ 60 ಪಡೆದರೆ ಅತ್ಯುತ್ತಮ ಎಂಟರ ಮೊತ್ತ 535, ಅದು 25ಕ್ಕೆ ಸುಮಾರು 16.7. ಆರರಲ್ಲಿ ಮತ್ತೆ ಎರಡನ್ನು ತಪ್ಪಿಸಿ ನಾಲ್ಕನ್ನೇ ಬರೆದರೆ ಮೊತ್ತ 530, ಅದು 25ಕ್ಕೆ ಸುಮಾರು 16.6. ವ್ಯತ್ಯಾಸ ಒಂದು ಅಂಕದ ಐದರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಐದು ಮತ್ತು ಆರನೆಯ ವಾರಗಳಲ್ಲೂ 60 ಬಂದಿದ್ದರೂ ಮೊತ್ತ 535 ದಾಟುತ್ತಿರಲಿಲ್ಲ, ಆದ್ದರಿಂದ ಓಣಂ ಹೊತ್ತಿನಲ್ಲಿ ತಪ್ಪಿದ ಎರಡು ವಾರಗಳು ಅವರ ಅಸೈನ್‌ಮೆಂಟ್ ಅಂಕಕ್ಕೆ ನಷ್ಟವೆನ್ನುವಂಥದ್ದೇ ಅಲ್ಲ.

ಆದರೆ ತಪ್ಪಿದ ಅಸೈನ್‌ಮೆಂಟಿಗೆ ಇರುವ ಈ ರಿಯಾಯಿತಿ ತಪ್ಪಿದ ಪಾಠಕ್ಕೆ ಇಲ್ಲ. ಅಂತಿಮ ಪರೀಕ್ಷೆ ಹನ್ನೆರಡೂ ವಾರಗಳಿಂದ ಬರುತ್ತದೆ, ಅದರ ತೂಕವೂ ಮೂರು ಪಟ್ಟು. ಆದ್ದರಿಂದ ಬಾಕಿ ಪಾಠಗಳನ್ನು ನೋಡಲೇಬೇಕು, ಆದರೆ ಅವಸರದಿಂದಲ್ಲ. ಅವುಗಳ ಕೊನೆಯ ದಿನ ಪರೀಕ್ಷೆಯ ದಿನ, ಅಸೈನ್‌ಮೆಂಟಿನ ಗಡುವಾದ ಬರುವ ಬುಧವಾರವಲ್ಲ. ಈ ಬರಹದಲ್ಲಿ ಒಂದೇ ಒಂದು ವಿಷಯವನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ನಿಮ್ಮ ಅಂಕಗಳು ಕೋರ್ಸಿನ ಪುಟದಲ್ಲಿ `Progress` ಎಂಬಲ್ಲಿ ಇರುತ್ತವೆ. ಅವನ್ನು ಕಾಗದಕ್ಕೆ ಇಳಿಸಿ ಇದೇ ರೀತಿ ಕೂಡಿಸಿ. ಉಳಿದ ವಾರಗಳಲ್ಲಿ ಏನು ಮಾಡಿದರೂ ಮೊತ್ತ 320 ತಲುಪುವುದಿಲ್ಲ ಎಂದು ಕಂಡರೆ ಈ ಸಲದ ಪರೀಕ್ಷೆಯನ್ನು ಬಿಡಿ. ಅನೇಕ ಕೋರ್ಸುಗಳು ಮತ್ತೆ ಬರುತ್ತವೆ.

ಮೂರನೆಯ ಹೆಜ್ಜೆ: ಈ ವಾರದ ಪಾಠ ಮೊದಲು, ಬಾಕಿ ಆಮೇಲೆ

ನಿಂತವರು ಮತ್ತೆ ಕುಳಿತಾಗ ಮಾಡುವ ಮೊದಲ ಕೆಲಸ, ಬಿಟ್ಟಲ್ಲಿಂದ ಆರಂಭಿಸುವುದು. ಇನ್ನೂ ಕೆಲವರು ಒಂದನೆಯ ವಾರಕ್ಕೇ ಹೋಗುತ್ತಾರೆ. ಎರಡೂ ದಾರಿಗಳು ಮತ್ತೆ ನಿಲ್ಲಿಸುತ್ತವೆ. ಐದನೆಯ ವಾರದ ಪಾಠ ನೋಡುತ್ತಿರುವಾಗ ಏಳನೆಯ ವಾರದ ಅಸೈನ್‌ಮೆಂಟಿನ ಗಡುವು ದಾಟಿರುತ್ತದೆ, ಆರನೆಯದಕ್ಕೆ ಬರುವಾಗ ಎಂಟನೆಯದೂ ದಾಟುತ್ತದೆ. ಎಷ್ಟು ನೋಡಿದರೂ ಬಾಕಿ ಹಾಗೆಯೇ ಇರುತ್ತದೆ, ಅಂಕ ಮಾತ್ರ ಹೋಗುತ್ತದೆ.

ನಮ್ಮ ಶಿಕ್ಷಕಿಯ ಲೆಕ್ಕವನ್ನೇ ನೋಡಿ. ವಾರಕ್ಕೆ ಐದು ಪಾಠ, ಒಂದೊಂದು ಅರ್ಧ ಗಂಟೆ. ಬಾಕಿ ಎರಡು ವಾರದ ಹತ್ತು ಪಾಠಗಳು. ಏಳನೆಯ ವಾರದಿಂದ ಹನ್ನೊಂದನೆಯ ವಾರದವರೆಗೆ ಪ್ರತಿ ವಾರ ಆ ವಾರದ ಐದು, ಬಾಕಿಯಿಂದ ಎರಡು. ಒಟ್ಟು ಏಳು ಪಾಠ, ಮೂರೂವರೆ ಗಂಟೆ. ವೇಗವನ್ನು ಒಂದೂಕಾಲು ಪಟ್ಟಿಗೆ ಇಟ್ಟರೆ ಎರಡು ಗಂಟೆ ನಲವತ್ತೆಂಟು ನಿಮಿಷ. ಅಸೈನ್‌ಮೆಂಟಿಗೆ ಒಂದು ಗಂಟೆ ಸೇರಿಸಿದರೂ ವಾರಕ್ಕೆ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಹನ್ನೆರಡನೆಯ ವಾರದಲ್ಲಿ ಬಾಕಿ ಎಂಬುದೇ ಇರುವುದಿಲ್ಲ.

ಒಂದೇ ಭಾನುವಾರ ಹತ್ತು ಪಾಠಗಳನ್ನು ನೋಡಿ ಮುಗಿಸುವ ಯೋಚನೆ ಬೇಡ. ನಾಲ್ಕನೆಯ ಪಾಠದಿಂದ ಮುಂದೆ ವಿಡಿಯೊ ಓಡುತ್ತಿರುತ್ತದೆ, ನೀವು ನೋಡುತ್ತಿರುವುದಿಲ್ಲ. ಮೂರು ಸಾಲಿನ ಪರೀಕ್ಷೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಪಾಠ ಮುಗಿದ ಮೇಲೆ ಮೂರು ಸಾಲು ಬರೆಯಲು ಬಾರದಿದ್ದರೆ ಆ ಪಾಠವನ್ನು ನೋಡಿದ್ದರ ಲೆಕ್ಕಕ್ಕೆ ಹಿಡಿಯಬೇಡಿ.

ಹಿಂದಿನದು ತಿಳಿಯದೆ ಈ ವಾರದ್ದು ಹೇಗೆ ತಿಳಿದೀತು ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಮುಂದಿನ ಹೆಜ್ಜೆಯಲ್ಲಿದೆ.

ನಾಲ್ಕನೆಯ ಹೆಜ್ಜೆ: ಕೊಂಡಿ ಕಳಚಿದ ಜಾಗ ಹುಡುಕಿ

ಶಿಕ್ಷಕಿ ನಿಂತದ್ದು ಐದನೆಯ ವಾರದಲ್ಲಿ. ಆದರೆ ಅಂಕಗಳನ್ನು ಮತ್ತೆ ನೋಡಿ: 90, 85, ಆಮೇಲೆ 60. ಇಳಿತ ಶುರುವಾದದ್ದು ಮೂರನೆಯ ವಾರದಲ್ಲಿ, ಬಿಡುವು ಇದ್ದಾಗಲೇ. ಓಣಂ ಬರುವ ಮೊದಲೇ ಏನೋ ಅರ್ಥವಾಗದೆ ಉಳಿದಿತ್ತು. ಹಬ್ಬ ಒಂದು ನೆಪವಾಯಿತು. ಅನೇಕರಲ್ಲಿ ಹೀಗೆಯೇ ಆಗುತ್ತದೆ. ಆದ್ದರಿಂದ ನಿಂತ ವಾರವನ್ನು ಬಿಟ್ಟು ಅಂಕ ಮೊದಲು ಕುಸಿದ ವಾರಕ್ಕೆ ಹೋಗಿ. ಗಡುವು ಮುಗಿದ ಅಸೈನ್‌ಮೆಂಟಿನ ಉತ್ತರಗಳನ್ನು ಕೋರ್ಸಿನವರು ಪ್ರಕಟಿಸುತ್ತಾರೆ. ನಿಮ್ಮ ಉತ್ತರ ಪಕ್ಕದಲ್ಲಿಟ್ಟು ತಪ್ಪಿದ ಪ್ರಶ್ನೆಗಳೆಲ್ಲ ಯಾವ ಪಾಠದವು ಎಂದು ಗುರುತಿಸಿ. ಹೆಚ್ಚಾಗಿ ಅವು ಒಂದೇ ಪಾಠಕ್ಕೆ, ಬಹಳವೆಂದರೆ ಎರಡಕ್ಕೆ ಸೇರಿರುತ್ತವೆ.

ಇವರ ತಪ್ಪುಗಳೆಲ್ಲ ಷರತ್ತುಬದ್ಧ ಸಂಭವನೀಯತೆಯ ಪಾಠದವು. ಮುಂದಿನ ಪಾಠಗಳಲ್ಲಿ ಅದು ಮತ್ತೆ ಮತ್ತೆ ಬರುವುದರಿಂದ ಐದನೆಯ ವಾರದ ಪಾಠವೇ ಕಲ್ಲಿನಂತೆ ಕಂಡಿತ್ತು. ಆ ಒಂದು ಪಾಠವನ್ನು ಮತ್ತೆ ನೋಡಿ, ಪುಸ್ತಕದ ಉದಾಹರಣೆ ಬಿಟ್ಟು ತಮ್ಮ ತರಗತಿಯದ್ದೇ ಒಂದನ್ನು ಬರೆದುಕೊಂಡರೆ ಸಾಕು. ತರಗತಿಯಲ್ಲಿ 40 ಮಕ್ಕಳು. ಬಸ್ಸಿನಲ್ಲಿ ಬರುವವರು 25. ಬಸ್ಸಿನಲ್ಲಿ ಬಂದವರಲ್ಲಿ ಇಂದು ತಡವಾದವರು 10. ಇಡೀ ತರಗತಿಯಿಂದ ಒಂದು ಮಗುವನ್ನು ಆರಿಸಿದರೆ ಅದು ಬಸ್ಸಿನಲ್ಲಿ ಬಂದೂ ತಡವಾಗಿರುವ ಸಂಭವ 40ರಲ್ಲಿ 10, ಅಂದರೆ 0.25. ಆದರೆ ಮಗು ಬಸ್ಸಿನಲ್ಲಿ ಬಂದದ್ದು ಎಂದು ಮೊದಲೇ ಗೊತ್ತಿದ್ದರೆ 40ನ್ನು ಮರೆತು 25ನ್ನೇ ಹಿಡಿಯಬೇಕು. 25ರಲ್ಲಿ 10, ಅಂದರೆ 0.4. ಛೇದ ಬದಲಾಗುವುದು ಏಕೆ ಎಂಬುದು ಇಷ್ಟರಿಂದ ಹಿಡಿತಕ್ಕೆ ಬಂದರೆ ಮುಂದಿನ ಪಾಠಗಳ ಬಾಗಿಲು ತೆರೆಯಿತು. ಇದಕ್ಕೆ ಬೇಕಾದದ್ದು ಒಂದು ಸಂಜೆ. ಮೊದಲಿನಿಂದ ಶುರು ಮಾಡಿದ್ದರೆ ಮೂರು ವಾರ ಹೋಗುತ್ತಿತ್ತು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ತೊಡಕು ಕೆಲವೊಮ್ಮೆ ವಿಷಯದಲ್ಲಿ ಇರುವುದಿಲ್ಲ, ಇಂಗ್ಲಿಷ್ ಉಪನ್ಯಾಸದ ವೇಗದಲ್ಲಿ ಇರುತ್ತದೆ. ಅದನ್ನು ಬೇರ್ಪಡಿಸಿ ನೋಡುವುದು ಸುಲಭ. ಉಪನ್ಯಾಸದ ಮಾತುಗಳನ್ನೆಲ್ಲ ಬರಹಕ್ಕಿಳಿಸಿದ ಪಿಡಿಎಫ್ ಕೋರ್ಸಿನ ಜೊತೆಗೆ ಸಿಗುತ್ತದೆ. ಅದೇ ಭಾಗವನ್ನು ನಿಧಾನವಾಗಿ ಓದಿದಾಗ ತಿಳಿದರೆ ತೊಡಕು ಕಿವಿಯದ್ದು. ಅಂಥವರು ವೇಗ ಹೆಚ್ಚಿಸುವ ಗೋಜಿಗೆ ಹೋಗದೆ, ಮೊದಲು ಓದಿ ಆಮೇಲೆ ನೋಡಲಿ. ಕೆಲವು ಕೋರ್ಸುಗಳ ಬರಹರೂಪ ಕನ್ನಡಕ್ಕೂ ಅನುವಾದವಾಗಿದೆ. ನಿಮ್ಮ ಕೋರ್ಸಿನದು ಇದೆಯೇ ಎಂದು ಒಮ್ಮೆ ಹುಡುಕಿ ನೋಡಿ. ಅನುವಾದದ ಪಾರಿಭಾಷಿಕ ಪದಗಳು ಹೊಸದಾಗಿ ಕಂಡರೆ ಇಂಗ್ಲಿಷ್ ಪದವನ್ನು ಅಂಚಿನಲ್ಲಿ ಬರೆದಿಟ್ಟುಕೊಳ್ಳಿ, ಪರೀಕ್ಷೆಯಲ್ಲಿ ಬರುವುದು ಆ ಪದವೇ.

ಐದನೆಯ ಹೆಜ್ಜೆ: ವಾರವನ್ನು ಅಸೈನ್‌ಮೆಂಟಿನಿಂದ ಆರಂಭಿಸಿ

ಎಲ್ಲರೂ ಪಾಠಗಳನ್ನು ಮುಗಿಸಿ ಕೊನೆಗೆ ಅಸೈನ್‌ಮೆಂಟಿಗೆ ಬರುತ್ತಾರೆ. ಹುಮ್ಮಸ್ಸು ಇದ್ದಾಗ ಅದು ನಡೆಯುತ್ತದೆ. ಇಲ್ಲದಾಗ ಕ್ರಮವನ್ನು ತಿರುಗಿಸಬೇಕು. ವಾರ ತೆರೆದ ದಿನವೇ ಪ್ರಶ್ನೆಗಳನ್ನು ಓದಿ ಕಾಗದದಲ್ಲಿ ಬರೆದುಕೊಳ್ಳಿ. ಗೊತ್ತಿರುವುದಕ್ಕೆ ಉತ್ತರ ಹಾಕಿ, ಗೊತ್ತಿಲ್ಲದ್ದರ ಮುಂದೆ ಒಂದು ಸೊನ್ನೆ. ಆಮೇಲೆ ಪಾಠ ನೋಡುವಾಗ ಆ ಸೊನ್ನೆಗಳನ್ನು ತುಂಬುವುದೇ ಕೆಲಸ. ಸುಮ್ಮನೆ ಕೇಳುವುದಕ್ಕೂ ಒಂದು ಉತ್ತರ ಹುಡುಕುತ್ತಾ ಕೇಳುವುದಕ್ಕೂ ಇರುವ ವ್ಯತ್ಯಾಸ ಎರಡನೆಯ ಪಾಠದಲ್ಲೇ ಅನುಭವಕ್ಕೆ ಬರುತ್ತದೆ.

ಇದಕ್ಕೆ ಅನುಕೂಲವಾದ ಇನ್ನೊಂದು ನಿಯಮವೂ ಇದೆ. ಗಡುವಿನೊಳಗೆ ಅಸೈನ್‌ಮೆಂಟನ್ನು ಎಷ್ಟು ಸಲ ಬೇಕಾದರೂ ಸಲ್ಲಿಸಬಹುದು. ಕೊನೆಯ ಸಲ ಸಲ್ಲಿಸಿದ್ದೇ ಲೆಕ್ಕಕ್ಕೆ. ಹಾಗಾಗಿ ಭಾನುವಾರದ ಹೊತ್ತಿಗೆ ಬಂದಷ್ಟು ಉತ್ತರಗಳೊಂದಿಗೆ ಒಮ್ಮೆ ಸಲ್ಲಿಸಿಬಿಡಿ. ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11:59. ಭಾನುವಾರ ಸಲ್ಲಿಸಿದವರಿಗೆ ತಿದ್ದಲು ಮೂರು ದಿನ ಉಳಿಯುತ್ತದೆ. ಬುಧವಾರ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಗಿ, ಟವರ್ ಬಿದ್ದು, ಮೊಬೈಲಿನಲ್ಲಿ ಪುಟವೇ ತೆರೆಯದಿದ್ದರೂ ಅಂಕ ಸೊನ್ನೆ ಆಗುವುದಿಲ್ಲ. ನಮ್ಮ ಮಲೆನಾಡಿನ ಅಂಚಿನ ಊರುಗಳಲ್ಲಿ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಗಳಲ್ಲಿ, ಇದು ದೊಡ್ಡ ಆಸರೆ.

ಪಾಠಗಳ ವಿಷಯದಲ್ಲೂ ಹಾಗೆಯೇ. ನೆಟ್‌ವರ್ಕ್ ಚೆನ್ನಾಗಿರುವ ಜಾಗದಲ್ಲಿ, ಶಾಲೆಯಲ್ಲೋ ಪೇಟೆಯಲ್ಲೋ, ಆ ವಾರದ ಏಳೂ ಪಾಠಗಳನ್ನು ಒಟ್ಟಿಗೆ ಇಳಿಸಿಕೊಳ್ಳಿ. ಅಸೈನ್‌ಮೆಂಟಿನ ಪ್ರಶ್ನೆಗಳು ಕಾಗದದಲ್ಲಿ, ಪಾಠಗಳು ಫೋನಿನಲ್ಲಿ ಇದ್ದರೆ ಆ ವಾರದ ಓದಿಗೆ ಇಂಟರ್ನೆಟ್ ಬೇಕಾಗುವುದು ಸಲ್ಲಿಸುವ ಐದು ನಿಮಿಷಕ್ಕೆ ಮಾತ್ರ.

ಹೊತ್ತಿನ ವಿಷಯದಲ್ಲಿ ಎಲ್ಲರಿಗೂ ಒಂದೇ ಮಾತು ಹೇಳಲಾಗದು. ಬೆಳಗ್ಗೆ ಹಾಲು ಕರೆದು, ತಿಂಡಿ ಮುಗಿಸಿ ಏಳೂವರೆಯ ಬಸ್ಸು ಹಿಡಿಯುವವರಿಗೆ ಮುಂಜಾನೆ ಎದ್ದು ಓದಿ ಎನ್ನುವುದು ನ್ಯಾಯವಲ್ಲ. ದಿನಕ್ಕೆ ಒಂದು ಪಾಠ, ವಾರದಲ್ಲಿ ಒಂದು ದಿನ ಪಾಠದ ಜೊತೆಗೆ ಅಸೈನ್‌ಮೆಂಟ್ ಎಂದಿಟ್ಟುಕೊಂಡರೆ ಏಳು ಪಾಠಗಳೂ ಮುಗಿಯುತ್ತವೆ. ಮದುವೆಯೋ ಬೊಜ್ಜವೋ ಬಂದು ಒಂದು ದಿನ ತಪ್ಪಿದರೆ ಆ ದಿನದ್ದು ಬಾಕಿ ಪಾಠದಿಂದ ಕಳೆಯಲಿ, ಆ ವಾರದ ಐದರಿಂದ ಬೇಡ.

ಆರನೆಯ ಹೆಜ್ಜೆ: ಒಬ್ಬರಿಗೆ ಒಂದು ಸಂಖ್ಯೆ ಹೇಳಿ

ಇದು ಚಿಕ್ಕದು. ಪ್ರತಿ ಭಾನುವಾರ ಸಂಜೆ ಒಬ್ಬ ಗೆಳತಿಗೋ ಸಹೋದ್ಯೋಗಿಗೋ ಇಷ್ಟನ್ನೇ ತಿಳಿಸಿ: ಈ ವಾರದ ಅಸೈನ್‌ಮೆಂಟ್ ಸಲ್ಲಿಸಿದೆನೋ ಇಲ್ಲವೋ, ಬಾಕಿ ಪಾಠ ಎಷ್ಟು ಉಳಿದಿದೆ. "ಕೋರ್ಸ್ ಹೇಗೆ ನಡೆಯುತ್ತಿದೆ" ಎಂದು ಕೇಳಿದರೆ ಯಾರಾದರೂ "ಪರವಾಗಿಲ್ಲ" ಎನ್ನುತ್ತಾರೆ. "ಹತ್ತರಲ್ಲಿ ಆರು ಉಳಿದಿದೆ" ಎಂಬಲ್ಲಿ ಜಾರಿಕೊಳ್ಳಲು ದಾರಿ ಇಲ್ಲ. ಅದೇ ಕೋರ್ಸಿಗೆ ಸೇರಿದವರೇ ಆಗಬೇಕೆಂದಿಲ್ಲ. ಉತ್ತರಗಳನ್ನು ಹಂಚುವ ವಾಟ್ಸಾಪ್ ಗುಂಪಿಗಿಂತ ಇದು ಎಷ್ಟೋ ಮೇಲು. ಅಲ್ಲಿ ಸಿಗುವ ಉತ್ತರಗಳಿಂದ 25ರಲ್ಲಿ ಅಂಕ ಬಂದೀತು, 75ರ ಮುಂದೆ ಕುಳಿತಾಗ ಗುಂಪು ಜೊತೆಗಿರುವುದಿಲ್ಲ.

ಪರೀಕ್ಷೆಯ ಕಡೆಗೆ

ಪರೀಕ್ಷೆಗೆ ನೋಂದಾಯಿಸುವ ಕೊನೆಯ ದಿನ ಕೋರ್ಸು ನಡೆಯುತ್ತಿರುವಾಗಲೇ ಬಂದುಹೋಗುತ್ತದೆ, ಕೋರ್ಸು ಮುಗಿಯುವವರೆಗೆ ಕಾಯುವುದಿಲ್ಲ. ಉತ್ಸಾಹ ಇಳಿದವರು ಕೋರ್ಸಿನ ಇಮೇಲ್‌ಗಳನ್ನು ತೆರೆಯುವುದನ್ನೂ ಬಿಟ್ಟಿರುವುದರಿಂದ ಈ ದಿನಾಂಕವನ್ನೇ ಕಳೆದುಕೊಳ್ಳುತ್ತಾರೆ. `onlinecourses.nptel.ac.in` ತೆರೆದು ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಫಾರ್ಮ್ ತುಂಬಲು, ಶುಲ್ಕ ಕಟ್ಟಲು ತೊಡಕಾದರೆ ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಬಹುದು. ನಗರ ಆರಿಸುವಾಗ ಬಸ್ಸು, ರೈಲಿನ ಹೊತ್ತನ್ನು ನೋಡಿಕೊಂಡು ಆರಿಸಿ. ಪರೀಕ್ಷೆ ಬೆಳಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 5 ಎಂದು ಎರಡು ಅವಧಿಗಳಲ್ಲಿ ನಡೆಯುತ್ತದೆ. ಒಳನಾಡಿನಿಂದ ಮಂಗಳೂರಿಗೆ ಹೋಗಿ ಬರೆಯುವವರಿಗೆ, ಆಯ್ಕೆ ಇದ್ದರೆ, ಮಧ್ಯಾಹ್ನದ ಅವಧಿಯೇ ವಾಸಿ.

ಕೊನೆಯ ವಾರಕ್ಕೂ ಪರೀಕ್ಷೆಗೂ ನಡುವೆ ಸಿಗುವ ದಿನಗಳಲ್ಲಿ ವಿಡಿಯೊಗಳನ್ನು ಮತ್ತೆ ನೋಡಲು ಹೋಗಬೇಡಿ. ಮೂವತ್ತು ಗಂಟೆ ಎಲ್ಲಿಂದ ತರುವುದು? ಹನ್ನೆರಡು ಅಸೈನ್‌ಮೆಂಟುಗಳ ಪ್ರಶ್ನೆಗಳನ್ನು ಖಾಲಿ ಕಾಗದದಲ್ಲಿ ಮತ್ತೆ ಬಿಡಿಸಿ, ಪ್ರಕಟವಾದ ಉತ್ತರಗಳೊಂದಿಗೆ ಹೋಲಿಸಿ. ಬಿಟ್ಟುಹೋದ ಐದು ಮತ್ತು ಆರನೆಯ ವಾರದವುಗಳಿಂದಲೇ ಆರಂಭಿಸಿ, ಏಕೆಂದರೆ ಅವನ್ನು ನೀವು ಒಮ್ಮೆಯೂ ಬಿಡಿಸಿಲ್ಲ. ತಪ್ಪಿದ ಪ್ರಶ್ನೆಯ ಪಾಠವನ್ನು ಮಾತ್ರ ತೆರೆಯಿರಿ. ನಮ್ಮ ಶಿಕ್ಷಕಿಗೆ ಅಸೈನ್‌ಮೆಂಟಿನಿಂದ 16.6 ಇದ್ದರೆ, ಪರೀಕ್ಷೆಯಲ್ಲಿ 75ಕ್ಕೆ 44 ಬಂದಾಗ ಒಟ್ಟು 60 ದಾಟಿ ಎಲೀಟ್ ದರ್ಜೆಯ ಪ್ರಮಾಣಪತ್ರ ಸಿಗುತ್ತದೆ. ಅಸೈನ್‌ಮೆಂಟುಗಳನ್ನು ಹೀಗೆ ಮತ್ತೆ ಬಿಡಿಸುವಾಗ ನೂರಕ್ಕೆ ಅರುವತ್ತರ ಮೇಲೆ ಬರುತ್ತಿದ್ದರೆ ಅವರು ಆ ಗುರಿಯ ಹತ್ತಿರವಿದ್ದಾರೆ. ಐವತ್ತರ ಕೆಳಗೆ ನಿಂತ ವಾರಗಳು ಯಾವುವೆಂದು ಬರೆದಿಟ್ಟು, ಉಳಿದ ಸಂಜೆಗಳನ್ನು ಅವುಗಳಿಗೇ ಕೊಡಲಿ.